ಅಪ್-ಡೌನ್ ಗಾಡಿಯ ಖಾಲಿ ಸೀಟು

ಕಲಬುರಗಿಯಲ್ಲಿ ಸರ್ಕಾರಿ ನೌಕರರನ್ನು "ಎಲ್ಲಿದೀರಿ ಈಗ?" ಅಂತ ಕೇಳಿ ನೋಡಿ. "ಆಳಂದ ರೀ, ಅಪ್-ಡೌನ್ ಮಾಡ್ತೀನಿ" ಅನ್ನುತ್ತಾರೆ. ಇಲ್ಲವೇ ಜೇವರ್ಗಿ, ಇಲ್ಲವೇ ಅಫಜಲಪುರ. ಅಪ್-ಡೌನ್ ಅನ್ನುವುದು ಊರ ಹೆಸರಿನ ಜೊತೆಗೇ ಬರುವ ಬಾಲಂಗೋಚಿ. ನೌಕರರು ಕೇಂದ್ರಸ್ಥಾನದಲ್ಲಿಯೇ ವಾಸ ಮಾಡತಕ್ಕದ್ದು ಎಂಬ ಸುತ್ತೋಲೆ ಆಗಾಗ ಬರುತ್ತಲೇ ಇರುತ್ತದೆ. ಅದನ್ನು ಟಪಾಲಿನಲ್ಲಿ ಬರೆದುಕೊಂಡವರು, ಓದಿ ಸಹಿ ಹಾಕಿದವರು, ಕಡತಕ್ಕೆ ಸೇರಿಸಿದವರು ಎಲ್ಲರೂ ಸಂಜೆ ಒಂದೇ ಗಾಡಿಯಲ್ಲಿ ಕಲಬುರಗಿಗೆ ವಾಪಸಾಗುತ್ತಾರೆ. ಮಕ್ಕಳ ಸಾಲಿ ಇಲ್ಲಿ, ಮನಿ ಕಟ್ಟಿದ್ದು ಇಲ್ಲಿ, ವಯಸ್ಸಾದ ತಂದೆ-ತಾಯಿಗೆ ದವಾಖಾನೆ ಇಲ್ಲಿ. ಹೀಗಾಗಿ ಸುತ್ತೋಲೆಯ ತಪ್ಪೂ ಇಲ್ಲ, ಮಂದಿಯ ತಪ್ಪೂ ಇಲ್ಲ ಅಂತ ಬಿಟ್ಟುಬಿಡೋಣ.

ನಮ್ಮ ಬಾಜೂಮನಿ ಸರ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ಹೋದ ವರ್ಷದ ವರ್ಗಾವಣೆಯಲ್ಲಿ ಆಳಂದಕ್ಕೆ ಬಿದ್ದರು. ಕಾರು ಅವರದು, ಜೊತೆಗೆ ಇನ್ನೂ ಮೂವರು. ಒಬ್ಬರು ಹಿಂದಿ ಮೇಡಂ, ಒಬ್ಬರು ತಾಲ್ಲೂಕು ಕಚೇರಿಯ ಎಸ್‌ಡಿಎ, ಇನ್ನೊಬ್ಬರು ಬ್ಯಾಂಕಿನವರು. ಸರ ಸಂಜೆ ಕಂಪೌಂಡಿನ ಗೋಡೆಗೆ ಮೊಣಕೈ ಊರಿ ನಿಂತರೆಂದರೆ ಅಂದಿನ ಗಾಡಿಯೊಳಗಿನ ತಕರಾರು ಗೋಡೆಯ ಈಚೆಗೂ ಬರುತ್ತದೆ. ನಾನೂ ಅರ್ಧ ಸರ್ವೀಸು ಅಪ್-ಡೌನಿನಲ್ಲೇ ಕಳೆದವನು. ಈಗ ನಿವೃತ್ತ, ಹೀಗಾಗಿ ಸಲಹೆ ಕೊಡುವುದಕ್ಕೆ ಪೂರ್ತಿ ಪುರುಸೊತ್ತು.

"ಸರ, ನಿನ್ನಿ ಬ್ಯಾಂಕಿನವರು ಬರ್ಲಿಲ್ರಿ. ಅವರ ಪಾಲಿನ ರೊಕ್ಕ ಯಾರು ಕೊಡ್ಬೇಕು, ನೀವೇ ಹೇಳ್ರಿ" ಅಂದರು ಒಂದು ದಿನ.

ಗಣಿತದ ಮೇಷ್ಟರು ಕೂಡಿಸೋದು-ಕಳೆಯೋದು ನನ್ನನ್ನು ಕೇಳುತ್ತಿದ್ದಾರೆಂದರೆ ವಿಷಯ ಗಣಿತದ್ದಲ್ಲ ಅಂತ ಗೊತ್ತಾಯಿತು. ಆದರೂ ಮೊದಲು ಲೆಕ್ಕವನ್ನೇ ಹಾಕಿಸಿದೆ. ಕಲಬುರಗಿಯಿಂದ ಆಳಂದ ನಲವತ್ತು ಕಿಲೋಮೀಟರಿನ ಆಸುಪಾಸು. ಊರೊಳಗೆ ಮಂದಿಯನ್ನು ಹತ್ತಿಸಿಕೊಳ್ಳುವ ತಿರುಗಾಟವನ್ನೂ ಸೇರಿಸಿದರೆ ಹೋಗಿ ಬರಲು 90 ಕಿಲೋಮೀಟರ್ ಹಿಡಿಯಿರಿ. ಅವರ ಗಾಡಿ ಲೀಟರಿಗೆ 18 ಕೊಡುತ್ತದೆ, ಅಂದರೆ ದಿನಕ್ಕೆ 5 ಲೀಟರ್ ಪೆಟ್ರೋಲು. ಲೀಟರಿಗೆ ನೂರರ ಮೇಲೆ ಚಿಲ್ಲರೆ ಇದೆ. ಚಿಲ್ಲರೆ ಬಿಟ್ಟರೆ 500 ರೂಪಾಯಿ. ನಾಲ್ಕು ಜನಕ್ಕೆ ತಲಾ 125. ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ನಿಲ್ಲಿಸಬಾರದು. ದಿನಾ 90 ಕಿಲೋಮೀಟರ್ ಓಡುವ ಗಾಡಿಗೆ ಟೈರು ಬೇಕು, ಆಯಿಲ್ ಬದಲಿಸಬೇಕು, ಬ್ರೇಕಿನ ಕೆಲಸ ಬರುತ್ತದೆ. ಕಿಲೋಮೀಟರಿಗೆ ಒಂದೂವರೆ ರೂಪಾಯಿ ತೆಗೆದಿಟ್ಟರೂ ಸುಮಾರು 140 ಆಗುತ್ತದೆ. ಒಟ್ಟು 640. ತಲಾ 160. ಗಾಡಿಯವರದೂ ಒಂದು ಪಾಲು. ಗಾಡಿ ನನ್ನದು, ಸ್ಟಿಯರಿಂಗ್ ನನ್ನದು, ನನಗೆ ಪಾಲಿಲ್ಲ ಅನ್ನುವ ಹಾಗಿಲ್ಲ, ಯಾಕೆಂದರೆ ಅವರಿಗೂ ನೌಕರಿ ಆಳಂದದಲ್ಲೇ ಇದೆ.

ಈಗ ಬ್ಯಾಂಕಿನವರ ಸೀಟು ಖಾಲಿ. ಪೆಟ್ರೋಲು ಒಂದು ಹನಿಯೂ ಕಡಿಮೆ ಸುಡುವುದಿಲ್ಲ. 640 ರೂಪಾಯಿಯನ್ನು ಮೂವರಲ್ಲಿ ಹಂಚಿದರೆ ತಲಾ 213. ಮನೆಯಲ್ಲಿ ಮಲಗಿದವರು ಒಬ್ಬರು, ದಂಡ ಕಟ್ಟಿದವರು ಬಂದವರು. ಹಂಚದೆ ಹಾಗೇ ಬಿಟ್ಟರೆ ಸರ ಒಬ್ಬರ ಮೇಲೇ 320 ಬೀಳುತ್ತದೆ. ಸರ ಮಾಡುತ್ತಿದ್ದುದು ಇದೇ. "ಸ್ನೇಹದಾಗ ಹೆಂಗ ಕೇಳಬೇಕ್ರಿ" ಅಂತ ಸುಮ್ಮನಿದ್ದು, ಗೋಡೆಗೆ ಬಂದು ನನ್ನ ಮುಂದೆ ಬೇಸರ ಮಾಡಿಕೊಳ್ಳುತ್ತಿದ್ದರು. ನನ್ನ ಅನುಭವದಲ್ಲಿ ಪೆಟ್ರೋಲು ತುಟ್ಟಿಯಾಗಿ ಒಡೆದ ಜೋಡಿ ಕಡಿಮೆ. ಬಾರದವರ ಪಾಲನ್ನು ಯಾರು ಕೊಡಬೇಕು ಅಂತ ಮೊದಲೇ ಮಾತಾಡದೆ ಒಡೆದದ್ದೇ ಹೆಚ್ಚು.

ಇದಕ್ಕೆ ಹಳೆಯ ಅಪ್-ಡೌನ್ ಮಂದಿಯಲ್ಲಿ ಎರಡು ದಾರಿಗಳಿವೆ. ಒಂದು, ಕ್ರೂಸರ್ ದಾರಿ. ಎಂಟ್ಹತ್ತು ಮಂದಿ ಸೇರಿ ಹಳದಿ ಬೋರ್ಡಿನ ಕ್ರೂಸರನ್ನು ತಿಂಗಳಿಗೆ ಗೊತ್ತು ಮಾಡುತ್ತಾರೆ. ಡ್ರೈವರನಿಗೆ ತಿಂಗಳ ಮೊತ್ತ ಮುಟ್ಟಬೇಕು. ನೀವು ಬಂದಿರೋ ಬಿಟ್ಟಿರೋ ಅವನಿಗೆ ಸಂಬಂಧವಿಲ್ಲ. ಸೀಟು ನಿಮ್ಮದು, ರೊಕ್ಕ ನಿಮ್ಮದು. ಕ್ರೂಸರಿನಲ್ಲಿ ಸೀಟಿಗಾಗಿ, ಕಿಟಕಿಗಾಗಿ, ಡ್ರೈವರ್ ಹಾಕುವ ಹಾಡಿಗಾಗಿ ಜಗಳ ನಡೆದಿರಬಹುದು, ಖಾಲಿ ಸೀಟಿನ ರೊಕ್ಕಕ್ಕಾಗಿ ಜಗಳ ನಾನು ಕಂಡಿಲ್ಲ. ಇನ್ನೊಂದು, ಪಾಳಿಯ ದಾರಿ. ನಾಲ್ವರ ಹತ್ತಿರವೂ ಗಾಡಿ ಇದ್ದರೆ ಈ ವಾರ ನಂದು, ಮುಂದಿನ ವಾರ ನಿಂದು. ರೊಕ್ಕದ ಮಾತೇ ಇಲ್ಲ, ಕೇಳಲಿಕ್ಕೆ ಬಹಳ ಚೆಂದ. ಆದರೆ ಪಾಳಿಯನ್ನು ವಾರದ ಲೆಕ್ಕದಲ್ಲಿ ಹಂಚಿದರೆ ಕೆಡುತ್ತದೆ. ಒಬ್ಬರ ಪಾಳಿಯಲ್ಲಿ ದಸರೆಯ ರಜೆ ಬಂದು ಎರಡು ದಿನ ಓಡಿಸಿದರೆ ಮುಗಿಯಿತು, ಇನ್ನೊಬ್ಬರ ಪಾಳಿಯಲ್ಲಿ ಆರು ದಿನ ಪೂರ್ತಿ. ಹೋಗಿ ಬಂದ ದಿನಗಳನ್ನು ಎಣಿಸಬೇಕು, ವಾರಗಳನ್ನಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ನೋಟ್‌ಬುಕ್ಕು, ಓಡಿಸಿದವರ ಹೆಸರಿನ ಮುಂದೆ ಒಂದು ಗೀಟು. ಗೀಟು ಯಾರಿಗೆ ಕಡಿಮೆಯೋ ನಾಳೆ ಗಾಡಿ ಅವರದು. ಪಾಳಿಯಲ್ಲಿ ಬಾರದ ಸವಾರ ಯಾರಿಗೂ ಹೊರೆಯಲ್ಲ. ಬಾರದ ಚಾಲಕನೇ ತೊಂದರೆ.

ಬಾಜೂಮನಿ ಸರ ಅವರ ಗುಂಪಿನಲ್ಲಿ ಗಾಡಿ ಒಂದೇ. ಹೀಗಾಗಿ ನಾವಿಬ್ಬರೂ ಗೋಡೆಯ ಮೇಲೆ ಕೂಡಿಸಿ ಒಂದು ನಡುದಾರಿ ಮಾಡಿದೆವು. ಸೀಟಿಗೆ 160 ಗಟ್ಟಿ. ಮಂದಿ ಹೆಚ್ಚು ಬಂದರೂ ಕಡಿಮೆ ಬಂದರೂ ಅದು ಏರುವುದೂ ಇಲ್ಲ ಇಳಿಯುವುದೂ ಇಲ್ಲ. ಹಿಂದಿನ ರಾತ್ರಿ 9 ಗಂಟೆಯೊಳಗೆ ಬರುವುದಿಲ್ಲ ಅಂತ ತಿಳಿಸಿದರೆ ಅರ್ಧ, 80. ಅದರ ನಂತರ ತಿಳಿಸಿದರೆ ಪೂರ್ತಿ. ವಾಟ್ಸಾಪಿನಲ್ಲಿ ಸುಮ್ಮನಿದ್ದರೆ ಬರುತ್ತಾರೆ ಅಂತಲೇ ಅರ್ಥ. ಈ ಕಡೆಯ ಮಾತು ಸಣ್ಣದಾಗಿ ಕಾಣುತ್ತದೆ, ಆದರೆ ದಿನಾ ರಾತ್ರಿ "ನಾಳೆ ಯಾರ್ಯಾರು?" ಅಂತ ಕೇಳಿ, ನೀಲಿ ಗೀಟು ಬಿದ್ದರೂ ಉತ್ತರ ಬಾರದೆ ಕೂರುವ ಗಾಡಿಯವರ ಕಷ್ಟ ಇದರಿಂದ ಅರ್ಧ ಇಳಿಯುತ್ತದೆ. ತರಬೇತಿ, ಚುನಾವಣಾ ಡ್ಯೂಟಿ, ಮೌಲ್ಯಮಾಪನ ಇಂಥವು ವಾರ ಮೊದಲೇ ಗೊತ್ತಿರುತ್ತವೆ. ಅವಕ್ಕೆ ಏನೂ ಕೊಡಬೇಕಿಲ್ಲ, ಆ ದಿನಗಳಿಗೆ ಬೇರೆ ಯಾರನ್ನಾದರೂ ಕೂರಿಸಿಕೊಳ್ಳಬಹುದು.

"ಅರ್ಧ ಕೊಟ್ರ ಉಳಿದ 80 ನಾನೇ ನುಂಗಬೇಕೇನ್ರಿ?" ಅಂದರು ಸರ.

ನುಂಗಬೇಕು. ಯಾಕೆಂದರೆ ಗಾಡಿಯವರು ಬಾರದ ದಿನ ಉಳಿದ ಮೂವರು ಬಸ್ಸಿಗೆ ಓಡುತ್ತಾರೆ, ನಿಂತುಕೊಂಡು ಹೋಗುತ್ತಾರೆ, ತಡವಾದ ಸಹಿ ಹಾಕುತ್ತಾರೆ. ಅವರ ನಷ್ಟಕ್ಕೂ ಒಂದು ಬೆಲೆ ಇರಬೇಕಲ್ಲ. ಅದಕ್ಕೇ ಸರ ಅವರಿಗೂ ಒಂದು ಕಟ್ಟು ಹಾಕಿದೆವು: ಗಾಡಿ ತರುವುದಿಲ್ಲ ಅಂತ ರಾತ್ರಿ 9ರೊಳಗೆ ಹೇಳಿದರೆ ಸರಿ, ಬೆಳಿಗ್ಗೆ ಹೇಳಿದರೆ ಮರುದಿನ ಮೂವರಿಗೂ ಸೀಟು ಅರ್ಧ ಬೆಲೆಗೆ. ಸವಾರನಿಗೊಂದು, ಮಾಲೀಕನಿಗೊಂದು ನ್ಯಾಯ ಇರಬಾರದು. ನಾಲ್ವರಲ್ಲಿ ಇಬ್ಬರು ಬಾರದಿದ್ದರೆ ಗಾಡಿ ತೆಗೆಯುವುದೇ ಬೇಡ, ಇದ್ದಿಬ್ಬರೂ ಬಸ್ಸಿಗೆ.

ಬಸ್ಸಿನ ಮಾತಿಗೆ ಬಂದದ್ದು ಒಳ್ಳೆಯದಾಯಿತು, ಬಹಳ ಮಂದಿ ಎಡವುವುದು ಅಲ್ಲಿಯೇ. ಗಾಡಿ ಕೈಕೊಟ್ಟರೆ ಬಸ್ಸಿದೆ ಅಂತ ಎಲ್ಲರೂ ಅನ್ನುತ್ತಾರೆ. ಬಸ್ಸೇನೋ ಇದೆ, ನೀವು ನಿಲ್ದಾಣ ಮುಟ್ಟುವ ಹೊತ್ತಿಗೆ ಇರುತ್ತದೆಯೇ? ಸರ ಅವರ ಗಾಡಿ ಆಳಂದ ನಾಕಾ ಬಿಡುವುದು 8.40ಕ್ಕೆ, ಮುಟ್ಟುವುದು ಹತ್ತಕ್ಕೆ ಹತ್ತು ನಿಮಿಷ ಮುಂಚೆ. ಬಸ್ಸು ಹಾಗಲ್ಲ. ದಾರಿಯಲ್ಲಿ ಹತ್ತಿಸಿಕೊಳ್ಳುತ್ತಾ, ಇಳಿಸುತ್ತಾ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಮಂದಿಯನ್ನು ಬಿಟ್ಟು ಹೋಗುವ ಬಸ್ಸಿಗೆ ಒಂದೂವರೆ ಗಂಟೆ ಹಿಡಿಯಬೇಕು. ಹತ್ತಕ್ಕೆ ಆಳಂದದಲ್ಲಿರಬೇಕಾದರೆ 8.20ರೊಳಗೆ ಕೇಂದ್ರ ಬಸ್ ನಿಲ್ದಾಣದಲ್ಲಿ ಹತ್ತಿ ಕೂತಿರಬೇಕು. ಮನೆಯಿಂದ ನಿಲ್ದಾಣಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ. ಎಂಟಕ್ಕೆ ಮನೆ ಬಿಡಬೇಕು. ಡಬ್ಬಿ ಕಟ್ಟಿಕೊಂಡು, ತಯಾರಾಗಿ ಎಂಟಕ್ಕೆ ಬಿಡಬೇಕಾದರೆ ಏಳೂವರೆಯೊಳಗೆ ಸುದ್ದಿ ಗೊತ್ತಾಗಬೇಕು.

ಈಗ ನೋಡಿ, ಸರ ಎಂಟು ಕಾಲಿಗೆ ಕೀಲಿ ತಿರುಗಿಸುತ್ತಾರೆ, ಬ್ಯಾಟರಿ ಸತ್ತಿದೆ. 8.20ಕ್ಕೆ ಗುಂಪಿಗೆ ಸಂದೇಶ: "ಗಾಡಿ ಸ್ಟಾರ್ಟ್ ಆಗ್ಲಿಲ್ಲ, ಇವತ್ತ ನೀವು ಬಸ್ಸಿಗೆ ಬರ್ರಿ." ಗಾಡಿಯ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ನಿಮಿಷ ಇದೆ. ಬಸ್ಸಿನ ಲೆಕ್ಕದಲ್ಲಿ ಆ ದಿನ ಮುಗಿದೇ ಹೋಗಿದೆ. ಹೀಗಾಗಿ ಗಡುವು ಇಡುವಾಗ ಗಾಡಿ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಬಾರದು, ಬಸ್ಸು ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಸರ ಅವರಿಗೆ ನಾನು ಹೇಳಿದ್ದು ಇಷ್ಟೇ: ಏಳಕ್ಕೆ ಹಾಲಿಗೆ ಹೋಗುವಾಗಲೇ ಒಂದು ಸಲ ಗಾಡಿ ಸ್ಟಾರ್ಟ್ ಮಾಡಿ ಬಂದ್ ಮಾಡಿ ಹೋಗಿರಿ. ಟೈರಿಗೆ ಒಂದು ಕಣ್ಣು ಹಾಕಿರಿ. ಕೆಟ್ಟಿದ್ದರೆ ಏಳಕ್ಕೇ ಗೊತ್ತಾಗಲಿ, ಆಗ ನಾಲ್ವರೂ ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿಯುತ್ತೀರಿ.

ಅಫಜಲಪುರದವರಿಗೆ ಈ ಗಡುವು ಇನ್ನೂ ಬಿಗಿ. ದಾರಿ ಅರವತ್ತು ಕಿಲೋಮೀಟರಿನ ಸುತ್ತ. ಗುರುವಾರ, ಹುಣ್ಣಿಮೆ ಬಂತೆಂದರೆ ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೋಗುವ ಗಾಡಿಗಳೆಲ್ಲ ಚೌಡಾಪುರದಲ್ಲಿ ಸೇರುತ್ತವೆ. ಮಹಾರಾಷ್ಟ್ರದ ಬಸ್ಸುಗಳು, ಜೀಪುಗಳು, ತೆಂಗಿನಕಾಯಿ ಅಂಗಡಿಯ ಮುಂದೆ ಅಡ್ಡ ನಿಂತ ಆಟೋಗಳು. ಕಬ್ಬು ಕಟಾವಿನ ಕಾಲದಲ್ಲಿ ಸಂಜೆ ವಾಪಸು ಬರುವುದು ಇನ್ನೊಂದು ಕಥೆ. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ರಸ್ತೆಯ ಮುಕ್ಕಾಲು ಪಾಲು ಹಿಡಿದು ಹೊರಟಿರುತ್ತದೆ. ಹಿಂದಿನ ಟ್ರಾಲಿಗೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಕಬ್ಬಿನ ಗರಿ ಹೊರಚಾಚಿ ಗಾಜಿಗೆ ಸವರುವಷ್ಟು ಹತ್ತಿರ ಬಂದಾಗಲೇ ಮುಂದೆ ಏನೋ ಇದೆ ಅಂತ ಗೊತ್ತಾಗುವುದು. ಆ ತಿಂಗಳುಗಳಲ್ಲಿ ಅಫಜಲಪುರದವರು ಸಂಜೆ ಕತ್ತಲಾಗುವ ಮೊದಲೇ ಹೊರಡುವ ಹಾಗೆ ಹೊಂದಿಸಿಕೊಳ್ಳುವುದು ಲೇಸು. "ಐದು ನಿಮಿಷ ತಡೀರಿ, ಒಂದು ಕಡತ ಮುಗಿಸಿ ಬರ್ತೀನಿ" ಅನ್ನುವವರನ್ನು ಬಿಟ್ಟು ಬಂದರೂ ತಪ್ಪಿಲ್ಲ.

ಹತ್ತಿಸಿಕೊಳ್ಳುವ ಜಾಗದ ಮಾತು ಒಂದು ಉಳಿಯಿತು. ಶುರುವಿನಲ್ಲಿ ಎಲ್ಲರ ಮನೆ ಬಾಗಿಲಿಗೆ ಗಾಡಿ ಹೋಗುತ್ತದೆ. ಸ್ನೇಹ ಹೊಸದು. ಒಂದೊಂದು ಮನೆಗೆ ಒಳಗಲ್ಲಿಗೆ ಹೊಕ್ಕು ಹೊರಬರಲು ಐದಾರು ನಿಮಿಷ, ಅಲ್ಲಿ ಎಮ್ಮೆ ಅಡ್ಡ, ಇಲ್ಲಿ ನೀರಿನ ಟ್ಯಾಂಕರು ಅಡ್ಡ, ಬಾಗಿಲಲ್ಲಿ ನಿಂತು "ಚಹಾ ಕುಡಿದು ಹೋಗ್ರಿ" ಅನ್ನುವ ವೈನಿ. ಮೂರು ಮನೆಗೆ ಇಪ್ಪತ್ತು ನಿಮಿಷ ಹೋಯಿತು. ಜಾಣರು ತಿಂಗಳೊಳಗೆ ಇದನ್ನು ಬಿಡಿಸುತ್ತಾರೆ: ಗಾಡಿ ದೊಡ್ಡ ರಸ್ತೆ ಬಿಡುವುದಿಲ್ಲ, ನೀವು ದೊಡ್ಡ ರಸ್ತೆಗೆ ಬಂದು ನಿಲ್ಲಬೇಕು. ಜೇವರ್ಗಿಯವರು ರಾಮಮಂದಿರ ಸರ್ಕಲ್ಲಿನಲ್ಲಿ, ಆಳಂದದವರು ನಾಕಾದಲ್ಲಿ. ಮೂರು ನಿಮಿಷ ಕಾಯುವುದು, ಆಮೇಲೆ ಗಾಡಿ ಹೊರಡುವುದು. ಹೊರಟ ಮೇಲೆ ಫೋನು ಬಂದರೆ ತಿರುಗಿ ಹೋಗಬಾರದು. ಒಂದು ಸಲ ತಿರುಗಿ ಹೋದಿರೆಂದರೆ ಎಂಟು ನಲವತ್ತು ಅನ್ನುವುದು ಎಂಟು ಐವತ್ತಾಯಿತು ಅಂತಲೇ ಲೆಕ್ಕ.

ಹಿಂದಿ ಮೇಡಂ ಮೂರು ತಿಂಗಳಾದ ಮೇಲೆ ಗಾಡಿ ಬಿಟ್ಟರು. ಸರ ಅವರಿಗೆ ಬೇಸರವಾಯಿತು, ಏನೋ ಮಾತಿಗೆ ಮಾತು ಬಂದಿರಬೇಕು ಅಂತ ನನ್ನನ್ನೇ ಕೇಳಿದರು. ಮಾತೂ ಇಲ್ಲ ಕತೆಯೂ ಇಲ್ಲ. ಮೇಡಂ ಗಣಿತದವರಿಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಆಧಾರ್ ತೋರಿಸಿದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರು ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಗಾಡಿಯಲ್ಲಿ ತಿಂಗಳಿಗೆ 22 ದಿನಕ್ಕೆ 160ರಂತೆ 3,520 ರೂಪಾಯಿ. ಬಸ್ಸಿನಲ್ಲಿ ಸೊನ್ನೆ. ಬಸ್ಸಿನಲ್ಲಿ ಹೆಚ್ಚು ಹೊತ್ತು ಹಿಡಿಯುತ್ತದೆ, ಜಾಗ ಸಿಗುವುದಿಲ್ಲ, ನಿಜ. ಆದರೆ 3,520 ರೂಪಾಯಿಯಲ್ಲಿ ಮಗಳ ಟ್ಯೂಷನ್ ಫೀ ಮುಗಿಯುತ್ತದೆ. ಶಕ್ತಿ ಬಂದ ಮೇಲೆ ಅಪ್-ಡೌನ್ ಗಾಡಿಗಳು ಗಂಡಸರ ಗಾಡಿಗಳಾಗುತ್ತಿವೆ. ಮೇಡಮ್ಮಂದಿರು ಉಳಿಯಬೇಕೆಂದರೆ ಗಾಡಿಯವರು ಹೊತ್ತಿಗೆ ಸರಿಯಾಗಿ ಬರಬೇಕು, ಹೊತ್ತಿಗೆ ಸರಿಯಾಗಿ ಬಿಡಬೇಕು. ಬಸ್ಸಿಗಿಂತ ಹೆಚ್ಚಿಗೆ ಗಾಡಿ ಕೊಡುವುದು ಅದೊಂದನ್ನೇ. ತಡ ಮಾಡಿದ ಗಾಡಿ ಬಸ್ಸಿಗಿಂತ ಕಡೆ, ಯಾಕೆಂದರೆ ಅದಕ್ಕೆ ರೊಕ್ಕ ಬೇರೆ ಕೊಡಬೇಕು.

ಮೇಡಂ ಒಂದು ಒಳ್ಳೆಯ ಏರ್ಪಾಡನ್ನೂ ಮಾಡಿ ಹೋದರು. ಸರ ಅವರ ಗಾಡಿ ಬಾರದ ದಿನ ಆಳಂದದ ಯಾವ ಬಸ್ಸು ಎಷ್ಟಕ್ಕೆ, ಯಾವ ಪ್ಲಾಟ್‌ಫಾರ್ಮು, ಯಾವುದು ಹೊರಡುವ ಮೊದಲೇ ತುಂಬುತ್ತದೆ, ಇದೆಲ್ಲ ದಿನಾ ಹೋಗುವವರಿಗೆ ಗೊತ್ತಿರುತ್ತದೆ. ಈಗ ಗುಂಪಿನ ಬಸ್ಸಿನ ವಾರ್ತಾಧಿಕಾರಿ ಮೇಡಮ್ಮೇ. ಬಿಟ್ಟುಹೋದವರನ್ನು ಗುಂಪಿನಿಂದ ತೆಗೆಯಬೇಡಿರಿ ಅಂತ ನಾನು ಹೇಳಿದ್ದು ಇದಕ್ಕೇ.

ಕಾಗದಪತ್ರದ ಸಂಗತಿ ಬೇಗ ಮುಗಿಸುತ್ತೇನೆ, ಹರಟೆಯಲ್ಲಿ ಕಾನೂನು ಹೆಚ್ಚಾದರೆ ಚಹಾ ಆರುತ್ತದೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ವಿಮೆಯ ಕಾಗದದಲ್ಲೂ ಬಾಡಿಗೆಗೆ ಬಳಸಬಾರದು ಅಂತ ಅಚ್ಚಾಗಿರುತ್ತದೆ. ಸಹೋದ್ಯೋಗಿಗಳು ಖರ್ಚು ಹಂಚಿಕೊಳ್ಳುವುದು ಬೇರೆ, ಲಾಭಕ್ಕೆ ಸೀಟು ಮಾರುವುದು ಬೇರೆ. ಅದಕ್ಕೇ 160 ಅನ್ನುವುದು ಖರ್ಚಿನ ಒಳಗೇ ಇರಬೇಕು, ದಾರಿಯಲ್ಲಿ ಕೈ ತೋರಿಸಿದ ಅಪರಿಚಿತರನ್ನು ರೊಕ್ಕಕ್ಕೆ ಕೂರಿಸಬಾರದು. ಇನ್ನೊಂದು, ಥರ್ಡ್ ಪಾರ್ಟಿ ವಿಮೆ ಒಂದೇ ಇರುವ ಖಾಸಗಿ ಕಾರಿನಲ್ಲಿ ಕೂತವರಿಗೆ ಅಪಘಾತವಾದರೆ ಪರಿಹಾರದ ವಿಷಯದಲ್ಲಿ ಕೋರ್ಟಿನಲ್ಲಿ ತೊಡಕಾಗುತ್ತದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಒಳಗೆ ಕೂತವರಿಗೂ ಅದು ಅನ್ವಯ ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಮೂರು ಜನರ ಸಂಸಾರ ದಿನಾ ನಿಮ್ಮ ಗಾಡಿಯಲ್ಲಿದೆ ಅಂತಾದ ಮೇಲೆ ಪ್ಯಾಕೇಜ್ ಪಾಲಿಸಿಗೇ ಹೋಗಿರಿ, ಹೆಚ್ಚಿಗೆ ಬೀಳುವುದನ್ನು ನಾಲ್ವರೂ ಹಂಚಿಕೊಳ್ಳಿರಿ.

ಜೇವರ್ಗಿಯವರಿಗೆ ಈ ಎಲ್ಲದರ ಮೇಲೆ ಭೀಮಾ ಒಂದು ಇದ್ದಾಳೆ. ಫರಹತಾಬಾದ ದಾಟಿ ಮುಂದೆ ಹೋದರೆ ಕಟ್ಟಿಸಂಗಾವಿಯ ಸೇತುವೆ, ಅದರಾಚೆ ಜೇವರ್ಗಿ. ಮಹಾರಾಷ್ಟ್ರದಲ್ಲಿ ಮಳೆ ಹೆಚ್ಚಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ದಾಟಿ ಅದು ಇಲ್ಲಿಗೆ ಬರುತ್ತದೆ. 2020ರ ಅಕ್ಟೋಬರಿನ ಹೊಳೆ ಯಾರಿಗೂ ಮರೆತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕಟ್ಟಿಸಂಗಾವಿ ಸೇತುವೆಯ ಮೇಲೆ ಸಂಚಾರವನ್ನೇ ನಿಲ್ಲಿಸಿದ್ದರು. ಅಂಥ ದಿನ ಎರಡನೇ ಗಾಡಿ, ಬಸ್ಸು, ಕ್ರೂಸರು ಯಾವುದೂ ಉಪಯೋಗವಿಲ್ಲ, ದಾರಿಯೇ ಇಲ್ಲ. ಒಂದು ಅನುಕೂಲವೇನೆಂದರೆ ಈ ನೀರು ಹೇಳದೇ ಕೇಳದೇ ಬರುವುದಿಲ್ಲ. ಮೇಲಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಹಿಂದಿನ ದಿನವೇ ಸುದ್ದಿಯಲ್ಲಿ ಬಂದಿರುತ್ತದೆ. ಜೇವರ್ಗಿಯ ಗುಂಪಿನಲ್ಲಿ ಒಬ್ಬರು ಆ ಸುದ್ದಿಯ ಮೇಲೆ ಕಣ್ಣಿಟ್ಟಿದ್ದರೆ, ಮರುದಿನ ಸೇತುವೆಯ ಬ್ಯಾರಿಕೇಡಿನ ತನಕ ಹೋಗಿ ತಿರುಗುವ ಪೆಟ್ರೋಲಾದರೂ ಉಳಿಯುತ್ತದೆ.

ಹೊಳೆಯಿಂದ ದಾರಿ ನಿಂತರೆ ಅಲ್ಲಿ ಶಾಲೆಯ ಬೀಗ ಯಾರು ತೆಗೆಯಬೇಕು? ಅದರಿಂದ ನೆನಪಾಯಿತು, ಬೀಗದ ಕೈ. ಇದನ್ನು ಮಾತ್ರ ಯಾರೂ ಮೊದಲೇ ಯೋಚಿಸುವುದಿಲ್ಲ. ಒಂದೇ ಶಾಲೆಯ ಮಂದಿ ಒಂದೇ ಗಾಡಿಯಲ್ಲಿ ಹೋಗುತ್ತಾರೆ. ಹೆಡ್‌ಮಾಸ್ಟರು, ಕ್ಲರ್ಕು, ಇಬ್ಬರು ಮೇಷ್ಟ್ರು. ಆ ಗಾಡಿ ದಾರಿಯಲ್ಲಿ ಪಂಕ್ಚರಾಯಿತು, ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಅಲ್ಲಿ ಶಾಲೆಯ ಅಂಗಳದಲ್ಲಿ ಮಕ್ಕಳು ನಿಂತಿದ್ದಾರೆ, ಬಿಸಿಯೂಟದ ಅಕ್ಕ ಅಡುಗೆ ಕೋಣೆಯ ಮುಂದೆ ಕೂತಿದ್ದಾಳೆ, ಊರ ಹಿರಿಯರೊಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾರೆ. ಬೀಗದ ಕೈ ನಲವತ್ತು ಕಿಲೋಮೀಟರಿನ ನಡುವೆ ಎಲ್ಲೋ ಕ್ಲರ್ಕಿನ ಚೀಲದಲ್ಲಿದೆ. ಬೇರೆ ಬೇರೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಹೀಗಾಗುತ್ತಿರಲಿಲ್ಲ, ಒಬ್ಬರಲ್ಲ ಒಬ್ಬರು ಮುಟ್ಟುತ್ತಿದ್ದರು. ಒಂದೇ ಗಾಡಿ ಅಂದರೆ ಮುಟ್ಟಿದರೆ ಎಲ್ಲರೂ, ತಪ್ಪಿದರೆ ಎಲ್ಲರೂ. ಎರಡನೇ ಕೈಯನ್ನು ಆ ಊರಲ್ಲೇ ಇರುವ ಶಿಕ್ಷಕರ ಹತ್ತಿರವೋ, ಹೆಡ್‌ಮಾಸ್ಟರು ಒಪ್ಪುವ ಇನ್ನೊಬ್ಬರ ಹತ್ತಿರವೋ ಇಡಿಸಬೇಕು. ಬ್ಯಾಂಕಿನವರಿಗೆ ಇದು ಹೇಳಿಕೊಡಬೇಕಿಲ್ಲ. ತಿಜೋರಿಯ ಎರಡು ಕೈ ಇಬ್ಬರ ಹತ್ತಿರ ಬೇರೆ ಬೇರೆ ಇರುತ್ತವೆ, ಎರಡೂ ಒಂದೇ ಕಾರಿನಲ್ಲಿ ಬರುವುದು ಎಷ್ಟು ಸರಿ ಅಂತ ಅವರೇ ಮ್ಯಾನೇಜರರನ್ನು ಕೇಳಿಕೊಳ್ಳಲಿ.

ಬೇರೆ ಬೇರೆ ಇಲಾಖೆಯವರು ಕೂಡಿದ ಗಾಡಿಯ ಇನ್ನೊಂದು ಪೇಚು ಶನಿವಾರ. ಶಾಲೆಗೆ ಶನಿವಾರ ಬೆಳಗಿನ ತರಗತಿ, ಕಚೇರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ದಿನ. ಸರ ಮಧ್ಯಾಹ್ನದೊಳಗೆ ಬಿಡುಗಡೆಯಾಗಿ ಎಸ್‌ಡಿಎ ಸಾಹೇಬರಿಗಾಗಿ ಸಂಜೆಯ ತನಕ ಆಳಂದದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಕೂರುತ್ತಿದ್ದರು. ಶನಿವಾರ ಗಾಡಿಯೇ ಇಲ್ಲ, ಅವರವರ ಬಸ್ಸು ಅವರವರಿಗೆ ಅಂತ ಮಾಡಿದ ಮೇಲೆ ಸರ ಅವರ ಹೊಟ್ಟೆಯೂ ಸರಿಯಾಯಿತು. ಬಸ್ಸಿನ ರೂಢಿ ತಪ್ಪದೆ ಉಳಿಯುವುದು ಇದರ ಇನ್ನೊಂದು ಲಾಭ.

ಶನಿವಾರಕ್ಕಿಂತ ದೊಡ್ಡ ಪೇಚು ಬೇಸಿಗೆ. ನಮ್ಮ ಭಾಗದ ಬಿಸಿಲಿಗೆ ಸರ್ಕಾರವೂ ತಲೆಬಾಗುತ್ತದೆ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವರೆಗೆ. ಬ್ಯಾಂಕಿಗೆ ಆ ವಿನಾಯಿತಿ ಇಲ್ಲ. ಮೇಷ್ಟ್ರಿಗೆ ಪರೀಕ್ಷೆ ಮುಗಿದು ರಜೆ. ಹತ್ತು ತಿಂಗಳು ಕೂಡಿ ಓಡಿದ ಗಾಡಿ ಏಪ್ರಿಲ್ ಒಂದಕ್ಕೆ ಮೂರು ದಿಕ್ಕಾಗುತ್ತದೆ. ಎಸ್‌ಡಿಎ ಸಾಹೇಬರು ಎಂಟಕ್ಕೆ ಆಳಂದದಲ್ಲಿರಬೇಕಾದರೆ ಆರೂಕಾಲಿನ ಹೊತ್ತಿಗೇ ಬಸ್ಸಿನಲ್ಲಿ ಕೂತಿರಬೇಕು. ಹಿಂದಿನ ರಾತ್ರಿ 9ರ ಗಡುವು ಅವರಿಗೆ ತಡ. ನಸುಕಿಗೆ ಏಳುವವರು ಅಷ್ಟೊತ್ತಿಗೆ ಮಲಗಿರುತ್ತಾರೆ. ಆ ಎರಡು ತಿಂಗಳು ತಮ್ಮಂತೆಯೇ ಎಂಟರ ಕಚೇರಿಗೆ ಹೋಗುವ ಇನ್ನೊಂದು ಗಾಡಿಯನ್ನು ಅವರು ಮಾರ್ಚಿನಲ್ಲೇ ಗೊತ್ತು ಮಾಡಿಕೊಳ್ಳಬೇಕು. ಸರ ಅವರ ಗಾಡಿಯ ಸೀಟು ಜೂನಿಗೆ ಮತ್ತೆ ಅವರದೇ.

ಜೇವರ್ಗಿ, ಆಳಂದ, ಅಫಜಲಪುರದ ಯಾವ ಕಚೇರಿಗಾದರೂ ಅಪ್-ಡೌನ್ ಮಾಡುವವರು ಇದನ್ನು ಓದುತ್ತಿದ್ದರೆ ಒಂದೇ ವಿನಂತಿ: ಬೇಸಿಗೆಯ ವೇಳೆ ಬದಲಾಗುವ ಮೊದಲೇ ಕೇಂದ್ರ ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಹೋಗಿ ನಿಮ್ಮ ದಾರಿಯ ನಸುಕಿನ ಮೊದಲ ಎರಡು ಬಸ್ಸುಗಳ ವೇಳೆ ಬರೆದುಕೊಂಡು ಬನ್ನಿ, ಬಂದು ಗುಂಪಿನಲ್ಲಿ ಹಾಕಿರಿ.